ಗೇಟು ಹಟ ಹಿಡಿದರೆ ಮೊದಲು ಕಿವಿಗೊಡಿ

ಮೈಸೂರಿನ ಒಂದು ಮನೆಯಲ್ಲಿ ಸ್ಲೈಡಿಂಗ್ ಗೇಟು ಬೆಳಿಗ್ಗೆ ಸಲೀಸಾಗಿ ತೆರೆದುಕೊಂಡಿತು. ಕಾರು ರಸ್ತೆಗಿಳಿದ ಮೇಲೆ ಮಾತ್ರ ಎಷ್ಟು ಒತ್ತಿದರೂ ಮುಚ್ಚಲಿಲ್ಲ. ಮನೆಯವರು ರಿಮೋಟಿನ ಸೆಲ್ ಬದಲಿಸಿದರು. ಆಗಲಿಲ್ಲ. ಅಂಗಡಿಯವರು ಹೇಳಿದರೆಂದು ಹೊಸ ಕೆಪಾಸಿಟರ್ ಹಾಕಿಸಿದರು. ಅದೂ ಫಲಿಸಲಿಲ್ಲ. ಗೇಟು ತೆರೆದುಕೊಂಡಿತ್ತು ಎಂಬ ಒಂದೇ ಸಂಗತಿ ಆ ಎರಡೂ ಖರ್ಚನ್ನು ಉಳಿಸಬಹುದಿತ್ತು.

ಹೇಗೆಂದರೆ, ಮನೆಗಳಲ್ಲಿ ಹೆಚ್ಚಾಗಿ ಕಾಣುವ 230 ವೋಲ್ಟಿನ ಸಿಂಗಲ್ ಫೇಸ್ ಗೇಟ್ ಮೋಟರಿಗೆ ಎರಡು ದಿಕ್ಕಿಗೂ ಕೆಪಾಸಿಟರ್ ಒಂದೇ. ಅದು ಸೋತಿದ್ದರೆ ತೆರೆಯುವಾಗಲೂ ಮುಚ್ಚುವಾಗಲೂ ಕಷ್ಟಪಡಬೇಕು. ರಿಮೋಟಿನ ಕಥೆಯೂ ಅಷ್ಟೆ. ಬಹುತೇಕ ಕಡೆ ಒಂದೇ ಬಟನ್ ತೆರೆಯಲೂ ಮುಚ್ಚಲೂ ಬಳಕೆಯಾಗುವುದರಿಂದ, ತೆರೆಯಲು ಸಾಕಾದ ಸೆಲ್ ಮುಚ್ಚಲೂ ಸಾಕು. ಒಂದು ದಿಕ್ಕಿಗೆ ಮಾತ್ರ ಮುಷ್ಕರ ಹೂಡಿದರೆ ಮೊದಲ ಅನುಮಾನ ಲಿಮಿಟ್ ಸ್ವಿಚ್ಚಿನ ಮೇಲೆ, ಆಮೇಲೆ ಬೋರ್ಡಿನ ರೀಲೆಯ ಮೇಲೆ.

ಇದನ್ನು ಗುರುತಿಸಲು ಅನುಭವಿ ಮೆಕ್ಯಾನಿಕ್ಕುಗಳು ಸ್ಕ್ರೂಡ್ರೈವರ್ ತೆಗೆಯುವ ಮೊದಲು ಕಿವಿಗೆ ಕೆಲಸ ಕೊಡುತ್ತಾರೆ. ಬಟನ್ ಒತ್ತಿದೊಡನೆ ಮೋಟರ್ ಪೆಟ್ಟಿಗೆಯೊಳಗೆ ರೀಲೆ 'ಟಕ್' ಅನ್ನಬೇಕು. ಆ ಸದ್ದೇ ಇಲ್ಲವೆಂದರೆ ಆಜ್ಞೆ ಬೋರ್ಡಿಗೆ ತಲುಪಿಲ್ಲ, ಇಲ್ಲವೇ ತಲುಪಿಯೂ ಬೋರ್ಡು ಒಪ್ಪಿಲ್ಲ. ಟಕ್ ಎಂದು ಆಮೇಲೆ 'ಗುಂಯ್' ಎನ್ನುತ್ತ ಗೇಟು ಅಲ್ಲೇ ನಿಂತರೆ ಮೋಟರಿಗೆ ಕರೆಂಟು ಸಿಕ್ಕಿದೆ, ತಿರುಗುವ ಬಲ ಸಿಕ್ಕಿಲ್ಲ.

ಸದ್ದಿಲ್ಲದ ಗೇಟಿಗೆ ಗೋಡೆಯ ಮೇಲಿನ ಸ್ವಿಚ್ಚೇ ಪರೀಕ್ಷೆ. ಅದನ್ನು ಒತ್ತಿದರೆ ಓಡುತ್ತದೆ, ರಿಮೋಟಿಗೆ ಓಡುವುದಿಲ್ಲ ಎಂದಾದರೆ ಸೆಲ್ ನೋಡಬೇಕು. ರಸ್ತೆಯ ತಿರುವಿನಿಂದ ಕೇಳುತ್ತಿದ್ದ ಗೇಟು ಈಗ ಹತ್ತಿರ ಬಂದರೆ ಮಾತ್ರ ಕೇಳುವುದು ಸೆಲ್ ಮುಗಿಯುತ್ತಿರುವ ಲಕ್ಷಣ. ಹಲವು ರಿಮೋಟುಗಳಲ್ಲಿರುವ 12 ವೋಲ್ಟಿನ ಪುಟ್ಟ ಸೆಲ್ಲನ್ನು ಹೊರಗೆ ತೆಗೆದು ಅಳೆದರೆ ಮೀಟರ್ ಸುಳ್ಳು ಭರವಸೆ ಕೊಡುತ್ತದೆ. ಬಟನ್ ಒತ್ತಿ ಹಿಡಿದಿರುವಾಗ ಅಳೆದರೆ ನಿಜ ಬಣ್ಣ ಬಯಲಾಗುತ್ತದೆ. ಒಂದು ಮಾತು ನೆನಪಿರಲಿ: ಆಜ್ಞೆ ಕೊಟ್ಟ ಮೇಲೆ ರಿಮೋಟಿನ ಕೆಲಸ ಮುಗಿಯಿತು. ಅರ್ಧ ದಾರಿಯಲ್ಲಿ ನಿಂತ ಗೇಟಿಗೆ ಸೋತ ಸೆಲ್ ಕಾರಣವಲ್ಲ.

ಗುಂಯ್‌ಗುಡುವ ಗೇಟಿನ ವಿಷಯದಲ್ಲಿ ಕೆಪಾಸಿಟರನ್ನು ದೂರುವ ಮೊದಲು ಎರಡು ಸಂಗತಿ ನೋಡಬೇಕು. ಮೇನ್ ಆಫ್ ಮಾಡಿ, ಕೀಲಿ ತಿರುಗಿಸಿ ಮೋಟರಿನ ಹಿಡಿತ ಬಿಡಿಸಿ, ಗೇಟನ್ನು ಕೈಯಿಂದ ತಳ್ಳಬೇಕು. ಹಳಿಯಲ್ಲಿ ಮರಳು ತುಂಬಿದ್ದರೆ, ಚಕ್ರದ ಬೇರಿಂಗ್ ಹೋಗಿದ್ದರೆ ಕೈಗೇ ಗೊತ್ತಾಗುತ್ತದೆ. ಇನ್ನೊಂದು ವೋಲ್ಟೇಜ್. ಮೋಟರಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಸಂಜೆ ಹೊತ್ತು 230 ಇರಬೇಕಾದಲ್ಲಿ 180 ಬಂದರೆ ಉಳಿಯುವ ಬಲ ಸುಮಾರು ಶೇ. 61 ಮಾತ್ರ. ಸಂಜೆ ಮೊಂಡಾಟ, ಬೆಳಿಗ್ಗೆ ಸರಾಗ ಅಂದರೆ ಮೊದಲು ಲೈನನ್ನೇ ಅಳೆಯಿರಿ. ಎರಡೂ ಸರಿಯಿದ್ದು ಎರಡೂ ದಿಕ್ಕಿಗೆ ಗುಂಯ್‌ಗುಟ್ಟಿದರೆ ಕೆಪಾಸಿಟರ್ ಬಿಚ್ಚಿ ಅಳೆಯುವುದು ನ್ಯಾಯ. ಮೈಮೇಲೆ 16 ಮೈಕ್ರೋಫ್ಯಾರಡ್ ಎಂದು ಬರೆದಿದ್ದು ಮೀಟರಿನಲ್ಲಿ 9 ತೋರಿದರೆ ಅದರ ಆಯಸ್ಸು ಮುಗಿದಿದೆ. ಹೊರಗೆ ಉಬ್ಬಿಲ್ಲ, ಸೋರಿಲ್ಲ ಎಂಬುದು ಆರೋಗ್ಯದ ಪುರಾವೆಯಲ್ಲ. ಮೇನ್ ಆಫ್ ಆದ ಮೇಲೂ ಅದರಲ್ಲಿ ಕರೆಂಟು ಉಳಿದಿರಬಹುದಾದ್ದರಿಂದ ಈ ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್ನರದೇ.

ಮೈಸೂರಿನ ಗೇಟಿನಲ್ಲಿ ಟಕ್ ಸದ್ದೂ ಇರಲಿಲ್ಲ, ಗೋಡೆಯ ಸ್ವಿಚ್ಚಿಗೂ ಅದು ಜಗ್ಗಲಿಲ್ಲ. ಮುಚ್ಚಳ ತೆಗೆದಾಗ ಗುಟ್ಟು ರಟ್ಟಾಯಿತು. ಹಲವು ಬೋರ್ಡುಗಳಲ್ಲಿ ಎರಡು ಲಿಮಿಟ್ಟುಗಳಿಗೆ ಎರಡು ಪುಟ್ಟ ದೀಪಗಳಿರುತ್ತವೆ. ಗೇಟು ಆ ತುದಿ ಮುಟ್ಟಿದಾಗ ಮಾತ್ರ ಆ ತುದಿಯ ದೀಪ ಆರಬೇಕು. ಇಲ್ಲಿ ಗೇಟು ಪೂರ್ತಿ ತೆರೆದಿದ್ದರೂ ಮುಚ್ಚುವ ತುದಿಯ ದೀಪವೂ ಆರಿತ್ತು. ಗೇಟು ಆಗಲೇ ಮುಚ್ಚಿದೆ ಎಂದು ನಂಬಿದ ಬೋರ್ಡು ಮತ್ತೆ ಮುಚ್ಚಲು ಒಪ್ಪುವುದಾದರೂ ಹೇಗೆ? ಸ್ಪ್ರಿಂಗಿನ ಪಕ್ಕದ ಮೈಕ್ರೋಸ್ವಿಚ್ಚಿನ ಗುಂಡಿಗೆ ಇರುವೆಗಳು ಮಣ್ಣು ಮೆತ್ತಿದ್ದವು. ಒಳಗೆ ಹೋದ ಗುಂಡಿ ಹೊರಗೆ ಬಂದಿರಲಿಲ್ಲ. ಇಲಿ ಆ ತಂತಿ ಕಡಿದಿದ್ದರೂ ಬೋರ್ಡಿಗೆ ಕಾಣುವುದು ಇದೇ ಲಕ್ಷಣ.

ಗೇಟು ತುದಿಗೆ ಒಂದು ಗೇಣು ಮೊದಲೇ ನಿಂತರೆ ಅಥವಾ ತುದಿಗೆ ಬಂದೂ ನಿಲ್ಲದೆ ಗುದ್ದಿದರೆ ಹಲ್ಲಿನ ಪಟ್ಟಿಯ ಮೇಲಿನ ತಗಡಿನ ತುಂಡನ್ನು ನೋಡಬೇಕು. ಆಯಸ್ಕಾಂತದ ಮಾದರಿಯಾದರೆ ಆಯಸ್ಕಾಂತವನ್ನು ನೋಡಬೇಕು. ಅದರ ಸ್ಕ್ರೂ ಸಡಿಲಗೊಂಡು ಜರುಗಿರುವುದೇ ಹೆಚ್ಚು.

ಲಿಮಿಟ್ ಕೈಕೊಟ್ಟ ದಿನ ಭಾರದ ಗೇಟನ್ನು ಹಳಿಯ ಮೇಲೆ ಹಿಡಿದು ನಿಲ್ಲಿಸುವುದು ಎರಡೂ ತುದಿಯಲ್ಲಿ ಕಾಂಕ್ರೀಟಿಗೆ ಬಿಗಿದ ಕಬ್ಬಿಣದ ಸ್ಟಾಪರ್ ಒಂದೇ. ಅದು ನಿಮ್ಮ ಗೇಟಿಗೆ ಇದೆಯೇ, ಗಟ್ಟಿಯಾಗಿದೆಯೇ ಎಂದು ಇವತ್ತೇ ನೋಡಿ. ಇಲ್ಲವಾದರೆ ಅದನ್ನು ಹಾಕಿಸುವವರೆಗೆ ಮೋಟರ್ ಬಳಸಬೇಡಿ.