ಎಷ್ಟು ಮನೆಗಳನ್ನು ಕೇಳಿದರೆ ಸಾಕು?

2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆ ಬಾವಿಗಳು ಬತ್ತಿದವು. ಅವನ್ನೇ ನಂಬಿದ್ದ ಕೆ.ಆರ್. ಪುರದ ಕಡೆಯ ಅನೇಕ ಬಡಾವಣೆಗಳ ಜನ ಟ್ಯಾಂಕರಿಗಾಗಿ ಕಾಯಬೇಕಾಯಿತು. ಅದೇ ವರ್ಷ ಅಕ್ಟೋಬರ್ 16ರಂದು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾಯಿತು. ಈಗ ಕಾಲೇಜೊಂದರ ವಿದ್ಯಾರ್ಥಿಗಳು ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರ ಈ ನಾಲ್ಕು ಕಡೆ “ಕಳೆದ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡಿರಾ?” ಎಂದು ವಿಚಾರಿಸಲು ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. ಎಲ್ಲ ಮನೆಗಳಿಗೂ ಹೋಗುವುದು ಸಾಧ್ಯವಿಲ್ಲ. ಹಾಗಾದರೆ ಎಷ್ಟು ಮನೆಗಳಿಗೆ ಹೋಗಬೇಕು?

ಇದಕ್ಕೆ ಉತ್ತರ ಹುಡುಕುವ ಮುನ್ನ ಒಂದು ತೀರ್ಮಾನ ಮಾಡಬೇಕು. ನಮ್ಮ ಉತ್ತರ ನಿಜವಾದ ಪ್ರಮಾಣಕ್ಕಿಂತ ಎಷ್ಟು ಆಚೀಚೆ ಇದ್ದರೆ ಅಡ್ಡಿಯಿಲ್ಲ? ಶೇಕಡಾ 5ರಷ್ಟು ಇದ್ದರೆ ಅಡ್ಡಿಯಿಲ್ಲ ಎನ್ನೋಣ. ಇದೇ ತಪ್ಪಿನ ಅಂತರ. ಇಂಥ ಸಮೀಕ್ಷೆಯನ್ನು ನೂರು ಬಾರಿ ಮಾಡಿದರೆ ಸುಮಾರು 95 ಬಾರಿಯಾದರೂ ಉತ್ತರ ಈ ಅಂತರದೊಳಗೆ ಬೀಳಬೇಕು ಎಂಬುದು ರೂಢಿಯ ನಿಯಮ. ಅದಕ್ಕೆ ಸೂತ್ರ ಹೀಗಿದೆ:

n = 1.96² × p(1 − p) / e²

ಇಲ್ಲಿ n ಎಂದರೆ ಬೇಕಾದ ಉತ್ತರಗಳ ಸಂಖ್ಯೆ, e ತಪ್ಪಿನ ಅಂತರ, p “ಹೌದು” ಎನ್ನುವವರ ಪ್ರಮಾಣ. 1.96 ಎಂಬುದು 95 ಬಾರಿಯ ನಿಯಮದಿಂದ ಬಂದ ಅಂಕಿ. ಆದರೆ p ತಿಳಿಯಲೆಂದೇ ಅಲ್ಲವೇ ನಾವು ಹೊರಟಿರುವುದು? ಅದು ಮೊದಲೇ ಗೊತ್ತಿಲ್ಲದಾಗ 0.5 ಎಂದು ಹಿಡಿಯುತ್ತೇವೆ. 0.5 × 0.5 ಎಂದರೆ 0.25, 0.1 × 0.9 ಎಂದರೆ 0.09 ಮಾತ್ರ. ಅರ್ಧಕ್ಕರ್ಧ ಇರುವಾಗಲೇ ಗುಣಲಬ್ಧ ಅತ್ಯಂತ ದೊಡ್ಡದು. ಆದ್ದರಿಂದ 0.5 ಹಿಡಿದರೆ ಮಾದರಿ ಎಂದೂ ಕಡಿಮೆ ಬೀಳದು.

ಲೆಕ್ಕ ಹಾಕಿದರೆ 0.9604 / 0.0025 = 384.16, ಅಂದರೆ 385 ಮನೆಗಳು. ಅಂತರ ಶೇಕಡಾ 10 ಆದರೂ ಸಾಕೆಂದರೆ 97 ಮನೆ, 2.5 ಬೇಕೆಂದರೆ 1,537. ಅಂತರ ಅರ್ಧವಾದರೆ ಕೆಲಸ ನಾಲ್ಕು ಪಟ್ಟಾಗುತ್ತದೆ, ಏಕೆಂದರೆ ಸೂತ್ರದಲ್ಲಿರುವುದು e ಯ ವರ್ಗ.

ಸೂತ್ರದಲ್ಲಿ ಊರಿನ ಗಾತ್ರವೇ ಇಲ್ಲ ಎಂಬುದನ್ನು ಗಮನಿಸಿದಿರಾ? ಒಂದು ಲಕ್ಷ ಮನೆಗಳಿದ್ದರೂ ಹತ್ತು ಲಕ್ಷ ಮನೆಗಳಿದ್ದರೂ ಸುಮಾರು 385 ಸಾಕು. ಒಂದು ಸಾವಿರ ಮನೆಗಳ ಚಿಕ್ಕ ಬಡಾವಣೆಯಾದರೆ ಮಾತ್ರ ಸಂಖ್ಯೆ 278ಕ್ಕೆ ಇಳಿಯುತ್ತದೆ. ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆ ದೊಡ್ಡದಾದ ಮಾತ್ರಕ್ಕೆ ಹೆಚ್ಚು ಅಗುಳು ಹಿಸುಕಬೇಕಿಲ್ಲ.

ಆದರೆ ನಮ್ಮ ನಾಲ್ಕು ಬಡಾವಣೆಗಳು ಒಂದೇ ಪಾತ್ರೆಯಲ್ಲ. ಒಟ್ಟು 400 ಮನೆಗಳನ್ನು ಆರಿಸಿ ಒಂದೊಂದು ಕಡೆ 100ರಂತೆ ಹಂಚಿದರೆ, ಪ್ರತಿಯೊಂದು ಕಡೆಯ ಉತ್ತರಕ್ಕೂ ಅಂತರ ಸುಮಾರು ಶೇಕಡಾ 10. ಹಲಸೂರಿನಲ್ಲಿ ನೂರಕ್ಕೆ 42, ಕೆ.ಆರ್. ಪುರದಲ್ಲಿ 52 ಮನೆಗಳು “ಹೌದು” ಎಂದವು ಎನ್ನಿ. ಕೆ.ಆರ್. ಪುರದಲ್ಲೇ ತೊಂದರೆ ಹೆಚ್ಚು ಎಂದು ಬರೆಯಬಹುದೇ? ಬರೆಯಲಾಗದು. ಎರಡು ಉತ್ತರಗಳ ವ್ಯತ್ಯಾಸಕ್ಕೆ ಅಂತರ ಇನ್ನೂ ದೊಡ್ಡದು, ಸುಮಾರು 14. ನಮಗೆ ಕಂಡ ವ್ಯತ್ಯಾಸ 10 ಮಾತ್ರ. ಒಂದೊಂದು ಕಡೆಯೂ 385 ಮನೆಗಳನ್ನು ಕೇಳಿದ್ದರೆ ಅದು 7ಕ್ಕೆ ಇಳಿಯುತ್ತಿತ್ತು; ಆಗ 10ರ ವ್ಯತ್ಯಾಸವನ್ನು ನಂಬಬಹುದಿತ್ತು. ಯಾವ ಯಾವ ಭಾಗದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕೋ ಆ ಪ್ರತಿ ಭಾಗಕ್ಕೂ ಪೂರ್ತಿ ಮಾದರಿ ಬೇಕು. ಅಂದರೆ ಇಲ್ಲಿ ಒಟ್ಟು 1,540 ಉತ್ತರಗಳು.

ಸೂತ್ರ ಇನ್ನೊಂದು ಷರತ್ತು ಹಾಕುತ್ತದೆ. ಮನೆಗಳನ್ನು ಪಟ್ಟಿಯಿಂದ ಚೀಟಿ ಎತ್ತಿದಂತೆ, ಒಂದೊಂದನ್ನೂ ಬಿಡಿಯಾಗಿ ಆರಿಸಿರಬೇಕು. ಒಂದೇ ಅಪಾರ್ಟ್‌ಮೆಂಟಿನ ಇಪ್ಪತ್ತು ಮನೆಗಳನ್ನು ಕೇಳಿದರೆ ಸಿಗುವುದು ಇಪ್ಪತ್ತು ಉತ್ತರಗಳಲ್ಲ. ಎಲ್ಲರಿಗೂ ಒಂದೇ ಕೊಳವೆ ಬಾವಿ, ಒಂದೇ ಟ್ಯಾಂಕರ್. ಹೆಚ್ಚುಕಡಿಮೆ ಒಂದೇ ಉತ್ತರವನ್ನು ಇಪ್ಪತ್ತು ಸಲ ಬರೆದುಕೊಂಡಂತೆ.

ಕದ ತೆರೆಯದ ಮನೆಗಳೂ ಇರುತ್ತವೆ. ಹತ್ತರಲ್ಲಿ ಏಳು ಮನೆಗಳಷ್ಟೇ ಉತ್ತರಿಸುತ್ತವೆ ಎಂದಾದರೆ 385ನ್ನು 0.7ರಿಂದ ಭಾಗಿಸಿ 550 ಮನೆಗಳ ಪಟ್ಟಿ ಮಾಡಬೇಕು. ಇದರಿಂದ ಸಂಖ್ಯೆ ತುಂಬುತ್ತದೆ, ಆದರೆ ಓರೆ ಹೋಗುವುದಿಲ್ಲ. ಹಗಲು ಬೀಗ ಹಾಕಿರುವುದು ಮನೆಯವರೆಲ್ಲ ದುಡಿಯಲು ಹೋಗುವ ಮನೆಗಳಿಗೆ; ಅವರ ನೀರಿನ ಪಾಡು ಬೇರೆಯಿರಬಹುದು. ಪಕ್ಕದ ಮನೆಯನ್ನು ಕೇಳಿ ಮುಗಿಸದೆ ಸಂಜೆಯೋ ಭಾನುವಾರವೋ ಅದೇ ಬಾಗಿಲಿಗೆ ಮತ್ತೆ ಹೋಗಬೇಕು.

ಸಂಖ್ಯೆಯೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ 1936ರ ಅಮೆರಿಕದ ಅಧ್ಯಕ್ಷ ಚುನಾವಣೆ ಸಾಕ್ಷಿ. ‘ಲಿಟರರಿ ಡೈಜೆಸ್ಟ್’ ಪತ್ರಿಕೆಗೆ ಅಂಚೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅದು ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು, ಗೆದ್ದವರು ರೂಸ್‌ವೆಲ್ಟ್. ಪತ್ರಿಕೆಯ ಪಟ್ಟಿಯಲ್ಲಿ ಟೆಲಿಫೋನು, ಕಾರು ಇದ್ದವರೇ ಹೆಚ್ಚಾಗಿದ್ದರು. ಅವರಲ್ಲೂ ಮನಸ್ಸು ಬಂದವರಷ್ಟೇ ಉತ್ತರಿಸಿದ್ದರು. ದೂರದರ್ಶನದ ಕಾರ್ಯಕ್ರಮಗಳಿಗೆ ಬರುವ ಫೋನ್ ಕರೆಗಳೂ ಹೀಗೆಯೇ. ಅವು ಎಷ್ಟೇ ಬಂದರೂ ಅವುಗಳಿಗೆ ತಪ್ಪಿನ ಅಂತರ ಲೆಕ್ಕ ಹಾಕಲು ಬರುವುದಿಲ್ಲ.