ಗೋಲ್ ಆದ ಮೇಲೂ ಆಫ್‌ಸೈಡ್ ಏಕೆ?

ಪ್ರಶ್ನೆ: ಮೊದಲ ಸಲ ಫುಟ್‌ಬಾಲ್ ನೋಡುತ್ತಿದ್ದೇನೆ. ಚೆಂಡು ಬಲೆಗೆ ಬಿದ್ದರೂ ಕಾಮೆಂಟೇಟರ್ ‘ಆಫ್‌ಸೈಡ್’ ಎನ್ನುತ್ತಾರೆ. ಹಾಗೆಂದರೇನು?

ಉತ್ತರ: ಇಲ್ಲಿ ಮುಖ್ಯವಾದದ್ದು ಪಾಸ್ ಕೊಟ್ಟ ಕ್ಷಣ, ಗೋಲ್ ಹೊಡೆದ ಕ್ಷಣವಲ್ಲ. ಜೊತೆಗಾರ ಚೆಂಡನ್ನು ಒದೆಯುವಾಗ, ಎದುರಾಳಿಗಳ ಅರ್ಧದಲ್ಲಿರುವ ಆಟಗಾರನ ತಲೆ, ಮೈ ಅಥವಾ ಕಾಲು ಚೆಂಡಿಗಿಂತಲೂ, ಎದುರಾಳಿಗಳಲ್ಲಿ ಹಿಂದಿನಿಂದ ಎರಡನೆಯವನಿಗಿಂತಲೂ ಗೋಲ್ ಗೆರೆಗೆ ಹತ್ತಿರವಿದ್ದರೆ ಅವನು ಆಫ್‌ಸೈಡ್ ಜಾಗದಲ್ಲಿದ್ದಾನೆ. ಸಾಮಾನ್ಯವಾಗಿ ಎಲ್ಲರಿಗಿಂತ ಹಿಂದಿರುವವನು ಗೋಲ್‌ಕೀಪರ್. ಹಾಗಾಗಿ ಅವನ ಮುಂದಿನ ಕೊನೆಯ ಡಿಫೆಂಡರ್ ಮೇಲೆ ಕಣ್ಣಿಡಿ. ಅಲ್ಲಿ ನಿಂತದ್ದೇ ತಪ್ಪಲ್ಲ, ಅಲ್ಲಿಂದ ಆಟದಲ್ಲಿ ಪಾಲ್ಗೊಂಡರೆ ಮಾತ್ರ ತಪ್ಪು.

ಉದಾಹರಣೆಗೆ, 2022ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಸೌದಿ ಅರೇಬಿಯಾದ ಡಿಫೆಂಡರ್‌ಗಳು ಒಟ್ಟಾಗಿ ಮುಂದೆ ಸರಿದು ನಿಂತರು. ಪಾಸ್ ಬರುವ ಮೊದಲೇ ನುಗ್ಗಿದ ಅರ್ಜೆಂಟೀನಾದವರು ಅವರ ಬೆನ್ನ ಹಿಂದೆ ಸಿಕ್ಕಿಬಿದ್ದರು. ಮೊದಲಾರ್ಧದಲ್ಲೇ ಮೂರು ಗೋಲುಗಳು ರದ್ದು. ಒಂದು ಮೆಸ್ಸಿಯದು, ಎರಡು ಲೌಟಾರೊ ಮಾರ್ಟಿನೆಜ್‌ರದು. ಸೌದಿ 2-1ರಿಂದ ಗೆದ್ದಿತು. ಎಂಥ ಧೈರ್ಯದ ಆಟ!

ಥ್ರೋ-ಇನ್, ಕಾರ್ನರ್, ಗೋಲ್ ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಮುಂದಿನ ಪಂದ್ಯದಲ್ಲಿ ಚೆಂಡನ್ನು ಬಿಟ್ಟು ಡಿಫೆಂಡರ್‌ಗಳ ಸಾಲನ್ನು ನೋಡಿ.