ಮಾಲು ಮುಗಿಯುವ ಮುನ್ನ ಆರ್ಡರ್: ಎಷ್ಟು ಮುನ್ನ?

ಬೇರಿಂಗ್ ಮಾರುವವರಿಗೆ 6204 ಎಂಬ ನಂಬರು ಬಾಯಿಪಾಠ. ಒಳವ್ಯಾಸ 20 ಮಿ.ಮೀ., ಹೊರವ್ಯಾಸ 47 ಮಿ.ಮೀ., ದಪ್ಪ 14 ಮಿ.ಮೀ. ಸಣ್ಣ ಮೋಟರು, ಪಂಪುಗಳ ರಿಪೇರಿಗೆ ಪದೇ ಪದೇ ಬೇಕಾಗುವ ಮಾಲು. ಮೆಕ್ಯಾನಿಕ್ ಬಂದು ಕೇಳಿದಾಗ ‘ಇಲ್ಲ, ನಾಡಿದ್ದು ಬರುತ್ತೆ’ ಎಂದರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ರಿಪೇರಿಗೆ ಬಿಚ್ಚಿಟ್ಟ ಪಂಪು ನಾಡಿದ್ದಿನವರೆಗೆ ಕಾಯುವಂತಿಲ್ಲ. ಹಾಗೆಂದು ಸಾವಿರಾರು ಬೇರಿಂಗ್ ತಂದು ಗುಡ್ಡೆ ಹಾಕಿದರೆ ದುಡ್ಡೆಲ್ಲ ಶೆಲ್ಫಿನಲ್ಲೇ ಕೂತುಬಿಡುತ್ತದೆ.

ಹುಬ್ಬಳ್ಳಿಯಲ್ಲಿ ಇಂಥದೊಂದು ಬಿಡಿಭಾಗಗಳ ಅಂಗಡಿ ಇದೆ, ಅದಕ್ಕೆ ಮಾಲು ಕೊಯಮತ್ತೂರಿನ ಸಗಟು ವ್ಯಾಪಾರಿಯಿಂದ ಲಾರಿಯಲ್ಲಿ ಬರುತ್ತದೆ ಎಂದಿಟ್ಟುಕೊಳ್ಳೋಣ. ಅಂಗಡಿಯಾತನಿಗೆ ಬೇಕಾಗಿರುವುದು ಒಂದೇ ಸಂಖ್ಯೆ: ಸ್ಟಾಕು ಎಷ್ಟಕ್ಕೆ ಇಳಿದಾಗ ಹೊಸ ಆರ್ಡರ್ ಕೊಡಬೇಕು? ಇದಕ್ಕೆ ರೀಆರ್ಡರ್ ಪಾಯಿಂಟ್ ಎನ್ನುತ್ತಾರೆ. ಇದರಲ್ಲಿ ಎರಡು ಭಾಗ. ಆರ್ಡರ್ ಕೊಟ್ಟು ಮಾಲು ಬರುವತನಕ ಸಾಮಾನ್ಯವಾಗಿ ಖರ್ಚಾಗುವ ಮಾಲು ಮೊದಲನೆಯದು. ಲೆಕ್ಕ ತಪ್ಪಿದರೂ ಕೈ ಖಾಲಿಯಾಗದಂತೆ ಅದರ ಮೇಲೆ ಇಟ್ಟುಕೊಳ್ಳುವ ಹೆಚ್ಚುವರಿ ಮಾಲು ಎರಡನೆಯದು, ಅದೇ ಸೇಫ್ಟಿ ಸ್ಟಾಕ್.

ಪುಸ್ತಕದಲ್ಲಿ ಬರೆದಿಡಬೇಕಾದದ್ದು

ಮೊದಲ ಭಾಗ ಸುಲಭ. ದಿನಕ್ಕೆ ಸರಾಸರಿ 20 ಬೇರಿಂಗ್ ಹೋಗುತ್ತವೆ, ಮಾಲು ಬರಲು ಸರಾಸರಿ 9 ದಿನ ಬೇಕು, ಅಂದರೆ 180. ಆದರೆ 180 ಉಳಿದಾಗ ಆರ್ಡರ್ ಕೊಟ್ಟರೆ ಹೆಚ್ಚುಕಡಿಮೆ ಎರಡರಲ್ಲಿ ಒಂದು ಸಲ ಮಾಲು ಬರುವ ಮೊದಲೇ ಡಬ್ಬಿ ಖಾಲಿ. ಸರಾಸರಿ ಎಂದರೆ ಅರ್ಧದಷ್ಟು ಸಲ ಅದಕ್ಕಿಂತ ಹೆಚ್ಚು ಎಂದೇ ತಾನೆ.

ಎಷ್ಟು ಹೆಚ್ಚು ಎಂದು ತಿಳಿಯಲು ಎರಡು ಏರಿಳಿತಗಳನ್ನು ಅಳೆಯಬೇಕು. ಒಂದು, ದಿನದ ಮಾರಾಟದ ಏರಿಳಿತ. ಎರಡು ಮೂರು ತಿಂಗಳ ದಿನವಹಿ ಮಾರಾಟವನ್ನು ಎಕ್ಸೆಲ್‌ನಲ್ಲಿ ಹಾಕಿ STDEV.S ಕೊಟ್ಟರೆ ಮಾನಕ ವಿಚಲನೆ ಸಿಗುತ್ತದೆ, ಅಂದರೆ ದಿನದ ಮಾರಾಟ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗುತ್ತದೆ ಎಂಬುದು. ನಮ್ಮ ಅಂಗಡಿಯಲ್ಲಿ ಅದು 6.

ಇನ್ನೊಂದು ಮಾಲು ಬರುವ ದಿನಗಳ ಏರಿಳಿತ. ಇದನ್ನು ಬರೆದಿಡುವವರು ಕಡಿಮೆ. ‘ಒಂದು ವಾರದಲ್ಲಿ ಬರುತ್ತೆ’ ಎಂದು ಡೀಲರ್ ಹೇಳಿದ್ದೇ ಲೆಕ್ಕಕ್ಕೆ ಬರುತ್ತದೆ. ಫೋನಿನಲ್ಲಿ ಆರ್ಡರ್ ಹೇಳಿದ ದಿನದಿಂದ ಮಾಲು ಎಣಿಸಿ ಶೆಲ್ಫಿಗೆ ಇಟ್ಟ ದಿನದವರೆಗೆ, ಅಂಗಡಿ ತೆರೆದ ದಿನಗಳನ್ನು ಮಾತ್ರ ಎಣಿಸಬೇಕು. ದಿನಕ್ಕೆ 20 ಎಂಬ ಮಾರಾಟವೂ ಅಂಗಡಿ ತೆರೆದ ದಿನಗಳದ್ದೇ, ಆದ್ದರಿಂದ ಎರಡೂ ಕಡೆ ಅಳತೆ ಒಂದೇ ಇರಬೇಕು. ಹಿಂದಿನ ಹತ್ತು ಆರ್ಡರುಗಳು ಹೀಗಿವೆ: 7, 6, 9, 15, 8, 7, 9, 13, 6, 10 ದಿನ. ಕೂಡಿದರೆ 90, ಸರಾಸರಿ 9. ಪ್ರತಿಯೊಂದೂ 9ರಿಂದ ಎಷ್ಟು ದೂರ ಎಂದು ನೋಡಿ, ಆ ಅಂತರಗಳ ವರ್ಗಗಳನ್ನು ಕೂಡಿದರೆ 80. ಅದನ್ನು ಹತ್ತಕ್ಕಿಂತ ಒಂದು ಕಡಿಮೆ, ಅಂದರೆ 9ರಿಂದ ಭಾಗಿಸಿ ವರ್ಗಮೂಲ ತೆಗೆದರೆ 2.98. ಮೂರು ದಿನ ಎಂದೇ ಹಿಡಿಯೋಣ.

ಎರಡು ಏರಿಳಿತ, ಎರಡು ಸ್ವಭಾವ

ಗಿರಾಕಿಗಳ ಏರಿಳಿತ ತನ್ನಷ್ಟಕ್ಕೆ ತಾನೇ ಸ್ವಲ್ಪ ಸರಿಹೋಗುತ್ತದೆ. ಸೋಮವಾರ 28 ಹೋದರೆ ಬುಧವಾರ 13 ಹೋಗಬಹುದು. ಹಾಗಾಗಿ 9 ದಿನಗಳ ಏರಿಳಿತ 6ರ ಒಂಬತ್ತು ಪಟ್ಟು ಆಗುವುದಿಲ್ಲ, 9ರ ವರ್ಗಮೂಲದಷ್ಟು, ಅಂದರೆ ಮೂರು ಪಟ್ಟು ಆಗುತ್ತದೆ. 6 × 3 = 18 ಬೇರಿಂಗ್. ಇಲ್ಲಿ ವರ್ಗಮೂಲ ಮರೆತು 6 × 9 = 54 ಎಂದು ಬರೆಯುವುದು ತೀರಾ ಸಾಮಾನ್ಯವಾದ ತಪ್ಪು.

ಲಾರಿ ತಡವಾದರೆ ಈ ಸೌಲಭ್ಯ ಇಲ್ಲ. ಮೂರು ದಿನ ತಡವೆಂದರೆ ಆ ಮೂರೂ ದಿನ ತಲಾ 20ರಂತೆ ಬೇರಿಂಗ್ ಹೋಗುತ್ತಲೇ ಇರುತ್ತವೆ. 20 × 3 = 60.

ಇವೆರಡನ್ನೂ ನೇರವಾಗಿ ಕೂಡಿದರೆ 78. ಆದರೆ ಮಾರಾಟ ಜೋರಾಗುವುದೂ ಲಾರಿ ತಡವಾಗುವುದೂ ಪ್ರತಿ ಸಲ ಜತೆಯಲ್ಲೇ ಬರುವುದಿಲ್ಲ. ಅದಕ್ಕೇ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯುತ್ತಾರೆ. 18ರ ವರ್ಗ 324, 60ರ ವರ್ಗ 3,600. ಒಟ್ಟು 3,924, ಅದರ ವರ್ಗಮೂಲ ಸುಮಾರು 62.6.

ಕೊನೆಯದಾಗಿ ಮಾಲೀಕ ತೀರ್ಮಾನಿಸಬೇಕಾದದ್ದು ಒಂದಿದೆ: ನೂರು ಆರ್ಡರುಗಳಲ್ಲಿ ಎಷ್ಟು ಸಲ ಮಾಲು ತೀರದೆ ಇರಬೇಕು? 95 ಸಾಕು ಎಂದರೆ 62.6 ಅನ್ನು 1.645ರಿಂದ ಗುಣಿಸಬೇಕು. ಸೇಫ್ಟಿ ಸ್ಟಾಕ್ 103, ರೀಆರ್ಡರ್ ಪಾಯಿಂಟ್ 180 + 103 = 283. ಬೇರಿಂಗ್ ಹತ್ತರ ಪೆಟ್ಟಿಗೆಯಲ್ಲಿ ಬರುವುದಾದರೆ 290 ಎಂದು ಮೇಲಕ್ಕೆ ದುಂಡಗೆ ಮಾಡಿಕೊಳ್ಳಬಹುದು. ಎಕ್ಸೆಲ್‌ನಲ್ಲಿ B1ರಲ್ಲಿ 20, B2ರಲ್ಲಿ 6, B3ರಲ್ಲಿ 9, B4ರಲ್ಲಿ 3 ಹಾಕಿ ಈ ಎರಡು ಸಾಲು ಬರೆದರೆ ಆಯಿತು. ಮೊದಲ ಸಾಲು B5ರಲ್ಲಿ, ಎರಡನೆಯದು B6ರಲ್ಲಿ:

```
=NORM.S.INV(0.95)*SQRT(B3*B2^2+B1^2*B4^2)
=B1*B3+B5
```

90 ಸಾಕೆಂದರೆ ಗುಣಕ 1.28, ಸೇಫ್ಟಿ ಸ್ಟಾಕ್ 80. 99 ಬೇಕೆಂದರೆ ಗುಣಕ 2.33, ಸೇಫ್ಟಿ ಸ್ಟಾಕ್ 146. 90ರಿಂದ 95ಕ್ಕೆ ಏರಲು 23 ಬೇರಿಂಗ್ ಸಾಕಾದರೆ, ಅಲ್ಲಿಂದ 99ಕ್ಕೆ ಹೋಗಲು ಇನ್ನೂ 43 ಬೇಕು. ನೂರಕ್ಕೆ ನೂರು ಬೇಕೆಂದರೆ ಸೂತ್ರ ಕೊಡುವ ಉತ್ತರಕ್ಕೆ ಕೊನೆಯೇ ಇಲ್ಲ.

95 ಎಂದರೆ ಏನು, ಏನಲ್ಲ

ನೂರರಲ್ಲಿ ಐವರು ಗಿರಾಕಿಗಳು ಬರಿಗೈಲಿ ಹೋಗುತ್ತಾರೆ ಎಂದು ಇದರ ಅರ್ಥವಲ್ಲ. ಅಂಗಡಿ ವರ್ಷಕ್ಕೆ 300 ದಿನ ತೆರೆದಿದ್ದರೆ 6,000 ಬೇರಿಂಗ್ ಮಾರಾಟ. ಪ್ರತಿ ಸಲ 300 ತರಿಸಿದರೆ ವರ್ಷಕ್ಕೆ 20 ಆರ್ಡರ್. ಇಪ್ಪತ್ತರಲ್ಲಿ ನೂರಕ್ಕೆ ಐದು ಎಂದರೆ ಸರಾಸರಿ ವರ್ಷಕ್ಕೊಮ್ಮೆ ಮಾಲು ತೀರುತ್ತದೆ. ತೀರಿದಾಗಲೂ ಕೊರತೆ ಬೀಳುವುದು ಕೆಲವೇ ಬೇರಿಂಗ್. ಎಲ್ಲ ಆರ್ಡರುಗಳಿಗೂ ಹಂಚಿ ನೋಡಿದರೆ 300ಕ್ಕೆ ಒಂದೂವರೆಗಿಂತ ಕಡಿಮೆ. ‘ಕೇಳಿದ್ದರಲ್ಲಿ ಎಷ್ಟು ಪಾಲು ಕೊಡಲಾಯಿತು’ ಎಂಬುದೇ ಮುಖ್ಯವಾಗಿರುವ ಅಂಗಡಿ 103ಕ್ಕಿಂತ ಕಡಿಮೆ ಇಟ್ಟುಕೊಂಡೂ ನಡೆಸಬಹುದು. ಒಂದೇ ಒಂದು ಬೇರಿಂಗ್ ಇಲ್ಲದೆ ಇಡೀ ಯಂತ್ರ ನಿಲ್ಲುವ ಕಾರ್ಖಾನೆಗೆ ಈ ಸಮಾಧಾನ ಇಲ್ಲ.

ಲೆಕ್ಕ ಎಲ್ಲಿ ಕೈಕೊಡುತ್ತದೆ

ಮಾಲು ಇಲ್ಲದ ದಿನ ಮಾರಾಟ ಸೊನ್ನೆ. ಆದರೆ ಬೇಡಿಕೆ ಸೊನ್ನೆಯಲ್ಲ. ಆ ಸೊನ್ನೆಗಳನ್ನು ಹಾಗೇ ಲೆಕ್ಕಕ್ಕೆ ಸೇರಿಸಿದರೆ ಸರಾಸರಿ ತಗ್ಗುತ್ತದೆ, ರೀಆರ್ಡರ್ ಪಾಯಿಂಟ್ ತಗ್ಗುತ್ತದೆ, ಮಾಲು ಇನ್ನಷ್ಟು ಸಲ ತೀರುತ್ತದೆ. ಆ ದಿನಗಳನ್ನು ಬಿಟ್ಟೇ ಲೆಕ್ಕ ಹಾಕಬೇಕು, ಇಲ್ಲವೇ ‘ಇಲ್ಲ’ ಎಂದು ಕಳಿಸಿದ್ದನ್ನೂ ಬರೆದಿಟ್ಟುಕೊಳ್ಳಬೇಕು.

283ಕ್ಕೆ ಹೋಲಿಸಬೇಕಾದದ್ದು ಶೆಲ್ಫಿನಲ್ಲಿರುವ ಮಾಲನ್ನು ಮಾತ್ರವಲ್ಲ. ದಾರಿಯಲ್ಲಿ ಬರುತ್ತಿರುವುದನ್ನು ಅದಕ್ಕೆ ಕೂಡಿಸಿ, ಗಿರಾಕಿಗಳಿಗೆ ಒಪ್ಪಿಕೊಂಡು ಇನ್ನೂ ಕೊಡದಿರುವುದನ್ನು ಕಳೆಯಬೇಕು. ಶೆಲ್ಫಿನಲ್ಲಿ 120 ಇದೆ, ಲಾರಿಯಲ್ಲಿ 300 ಇದೆ ಎಂದರೆ ಒಟ್ಟು 420, ಈಗ ಆರ್ಡರ್ ಬೇಡ. ಇದನ್ನು ಮರೆತವರು ಲಾರಿ ತಡವಾದಾಗಲೆಲ್ಲ ಗಾಬರಿಯಿಂದ ಎರಡನೇ ಆರ್ಡರ್ ಕೊಟ್ಟು, ಎರಡೂ ಒಟ್ಟಿಗೆ ಬಂದಿಳಿದಾಗ ಜಾಗ ಹುಡುಕುತ್ತಾರೆ.

ಈ ಸೂತ್ರ ಸ್ಟಾಕನ್ನು ದಿನಾ ನೋಡುವವರಿಗೆ. ವಾರಕ್ಕೊಮ್ಮೆ ಮಾತ್ರ ಎಣಿಸುವ ಅಂಗಡಿ ಆ 6 ದಿನಗಳನ್ನೂ ಸೇರಿಸಿ 15 ದಿನಗಳ ಖರ್ಚು ಲೆಕ್ಕ ಹಾಕಬೇಕು. ಇನ್ನು ಬೇಸಿಗೆಯಲ್ಲಿ ಪಂಪು ರಿಪೇರಿ ಹೆಚ್ಚಾಗಿ ಮಳೆಗಾಲದಲ್ಲಿ ತಗ್ಗುವುದಾದರೆ, ಇಡೀ ವರ್ಷಕ್ಕೆ ಒಂದೇ ಸಂಖ್ಯೆ ಇಡುವಂತಿಲ್ಲ. ಹಾಗಿಟ್ಟರೆ ಬೇಸಿಗೆಯಲ್ಲಿ ಕೊರತೆ, ಮಳೆಗಾಲದಲ್ಲಿ ರಾಶಿ. ಎರಡಕ್ಕೂ ಬೇರೆ ಬೇರೆ ಲೆಕ್ಕ ಬೇಕು. ತಿಂಗಳಿಗೆ ಒಂದೋ ಎರಡೋ ಹೋಗುವ ಅಪರೂಪದ ಮಾಲಿಗಂತೂ ಈ ಸೂತ್ರವೇ ಹೊಂದುವುದಿಲ್ಲ.

ಸರಿಯಿದೆಯೇ ಎಂದು ತಿಳಿಯುವುದು ಹೇಗೆ?

ಹೊಸ ಮಾಲು ಬಂದಿಳಿದಾಗ, ಪೆಟ್ಟಿಗೆ ಒಡೆಯುವ ಮೊದಲು ಶೆಲ್ಫಿನಲ್ಲಿ ಉಳಿದದ್ದನ್ನು ಎಣಿಸಿ ಬರೆದಿಡಿ. ಹತ್ತಿಪ್ಪತ್ತು ಸಲ ಹೀಗೆ ಮಾಡಿದರೆ ಆ ಸಂಖ್ಯೆಗಳ ಸರಾಸರಿ 103ರ ಆಸುಪಾಸು ಇರಬೇಕು. ಅರ್ಧದಷ್ಟು ಸಲ ಅದಕ್ಕಿಂತ ಕೆಳಗೂ ಇಳಿದಿರಬೇಕು. ಸೇಫ್ಟಿ ಸ್ಟಾಕಿಗೆ ಕೈ ಹಾಕುವಂತಾಯಿತಲ್ಲ ಎಂದು ಹೆದರುವುದು ಬೇಡ, ಅದು ಇರುವುದೇ ಅದಕ್ಕೆ. ಪ್ರತಿ ಸಲವೂ 150ರ ಮೇಲೇ ಉಳಿಯುತ್ತಿದ್ದರೆ ದುಡ್ಡು ಸುಮ್ಮನೆ ಕೂತಿದೆ ಎಂದರ್ಥ. ಮತ್ತೆ ಮತ್ತೆ 20, 30ಕ್ಕೆ ಇಳಿಯುತ್ತಿದ್ದರೆ ಮಾರಾಟವೋ ಲಾರಿಯೋ ಬದಲಾಗಿದೆ.

ಗಿರಾಕಿಯೋ, ಡೀಲರೋ?

ಈ 103ರಲ್ಲಿ ಯಾರ ಪಾಲು ಎಷ್ಟು ಎಂದು ನೋಡುವುದೇ ಈ ಲೆಕ್ಕದ ಸ್ವಾರಸ್ಯ. ಗಿರಾಕಿಗಳ ಏರಿಳಿತವನ್ನು ಹೇಗೋ ಅರ್ಧಕ್ಕೆ, 6ರಿಂದ 3ಕ್ಕೆ ಇಳಿಸಿದೆವು ಎನ್ನೋಣ. ಸೇಫ್ಟಿ ಸ್ಟಾಕ್ 103ರಿಂದ 100ಕ್ಕೆ ಬರುತ್ತದೆ, ಉಳಿದದ್ದು ಮೂರೇ ಬೇರಿಂಗ್. ಅದರ ಬದಲು ಡೀಲರ್ ಹೇಳಿದ ದಿನಕ್ಕೆ ಕಳಿಸತೊಡಗಿ, ಸರಾಸರಿ 9 ದಿನವೇ ಇದ್ದು, ಏರಿಳಿತ ಮಾತ್ರ 3 ದಿನದಿಂದ 1ಕ್ಕೆ ಇಳಿದರೆ ಸೇಫ್ಟಿ ಸ್ಟಾಕ್ 44. ಒಟ್ಟು 59 ಬೇರಿಂಗ್ ಉಳಿತಾಯ. ಬೇಗ ಬರುವುದಕ್ಕಿಂತ ಹೇಳಿದ ದಿನ ಬರುವುದಕ್ಕೆ ಇಲ್ಲಿ ಹೆಚ್ಚು ಬೆಲೆ.

ಹಾಗಾಗಿ ಆ ಹತ್ತು ಆರ್ಡರುಗಳ ಪಟ್ಟಿಯಲ್ಲಿ ಮೊದಲು ಕಣ್ಣು ಹೋಗಬೇಕಾದದ್ದು 15 ಮತ್ತು 13ರ ಮೇಲೆ. ಉಳಿದ ಎಂಟೂ 6ರಿಂದ 10ರೊಳಗೆ ಇವೆ. ಆ ಎರಡು ಸಲ ಡೀಲರ್ ಬಳಿಯೇ ಮಾಲು ಇರಲಿಲ್ಲವೋ, ಲಾರಿ ತುಂಬಲಿ ಎಂದು ಟ್ರಾನ್ಸ್‌ಪೋರ್ಟಿನವರು ಗೋದಾಮಿನಲ್ಲೇ ಇಟ್ಟುಕೊಂಡರೋ, ಇನ್ವಾಯ್ಸಿನ ತಾರೀಕನ್ನೂ ಲಾರಿ ರಸೀದಿಯ ತಾರೀಕನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಡೀಲರ್ ಬಳಿ ಸ್ಟಾಕ್ ಇಲ್ಲದ್ದೇ ಕಾರಣವಾದರೆ ಎರಡನೇ ಡೀಲರ್ ಬೇಕು. ಗೋದಾಮು ಕಾರಣವಾದರೆ ಬೇರೆ ಟ್ರಾನ್ಸ್‌ಪೋರ್ಟ್ ಸಾಕು.

ಡೀಲರ್ ‘ದಿನ ತಪ್ಪದೆ ಕಳಿಸುತ್ತೇನೆ, ಆದರೆ ರೇಟು ಸ್ವಲ್ಪ ಹೆಚ್ಚು’ ಎಂದರೆ ಎಷ್ಟರವರೆಗೆ ಒಪ್ಪಬಹುದು? ಬೇರಿಂಗ್ ಒಂದಕ್ಕೆ 150 ರೂಪಾಯಿ ಎಂದು ಹಿಡಿದರೆ 59 ಬೇರಿಂಗಿಗೆ 8,850 ರೂಪಾಯಿ. ಬಡ್ಡಿ, ಜಾಗ, ಹಾಳಾಗುವುದು ಎಲ್ಲ ಸೇರಿ ವರ್ಷಕ್ಕೆ ನೂರಕ್ಕೆ 20ರಂತೆ ಖರ್ಚು ಹಾಕಿದರೆ 1,770 ರೂಪಾಯಿ. ಅದನ್ನು ವರ್ಷದ 6,000 ಬೇರಿಂಗಿಗೆ ಹಂಚಿದರೆ ಒಂದಕ್ಕೆ ಸುಮಾರು 30 ಪೈಸೆ. ಡೀಲರ್ 20 ಪೈಸೆ ಹೆಚ್ಚು ಕೇಳಿದರೆ ಒಪ್ಪಬಹುದು. ಒಂದು ರೂಪಾಯಿ ಕೇಳಿದರೆ ಕೈಮುಗಿದು, ಆ 59 ಬೇರಿಂಗನ್ನು ಶೆಲ್ಫಿನಲ್ಲೇ ಇಟ್ಟುಕೊಳ್ಳುವುದು ಅಗ್ಗ.